ಅಪ್ಪ ಪ್ರತಿ ತಿಂಗಳೂ ಕಟ್ಟಿದ್ದಾರೆ, ಆದರೂ 4,092 ರೂಪಾಯಿ ದಂಡ ಬಡ್ಡಿ. ಸೊಸೈಟಿಗೆ ಪತ್ರ ಹೇಗೆ ಬರೆಯಲಿ?

ಸುಮಾ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಮುಂಬೈ ಕಡೆಯ ಕನ್ನಡದವರಲ್ಲಿ ಯಾರಿಗಾದರೂ ಸೊಸೈಟಿ ಲೆಕ್ಕ ಗೊತ್ತಿದ್ದರೆ ದಯವಿಟ್ಟು ಹೇಳಿ.

ನಮ್ಮದು 28 ಮನೆಗಳ ಹಳೆಯ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ. ಫ್ಲ್ಯಾಟ್ ಅಪ್ಪನ ಹೆಸರಿನಲ್ಲಿದೆ. ಅವರಿಗೆ 74 ವರ್ಷ. ತಿಂಗಳಿಗೆ 2,400 ರೂಪಾಯಿ ಮೇಂಟೆನೆನ್ಸ್ ಇತ್ತು. 2024ರ ಜುಲೈ 12ಕ್ಕೆ ಕಮಿಟಿ ಒಂದು ಸರ್ಕ್ಯುಲರ್ ಹಾಕಿತು. ಇನ್ನು ಮುಂದೆ 3,100, ಅದೂ ಏಪ್ರಿಲ್‌ನಿಂದಲೇ ಲೆಕ್ಕ ಅಂತ. ಅಪ್ಪ ಹೋಗಿ ಯಾಕೆ ಅಂತ ಕೇಳಿದರು. ಸರಿಯಾದ ಉತ್ತರ ಸಿಗಲಿಲ್ಲ. ಹಾಗಾಗಿ ಅವರು ಮೊದಲಿನ ಹಾಗೆ 2,400ರ ಚೆಕ್ ಕೊಡುತ್ತಾ ಹೋದರು. ಒಂದು ತಿಂಗಳೂ ತಪ್ಪಿಸಿಲ್ಲ. ಎಲ್ಲದಕ್ಕೂ ರಶೀದಿ ಇದೆ.

ಈಗ ನೋಟಿಸ್ ಬಂದಿದೆ. 2025ರ ಮಾರ್ಚ್ 31ಕ್ಕೆ ಬಾಕಿ 8,400, ತಿಂಗಳಿಗೆ 2% ದಂಡ ಬಡ್ಡಿ 4,092, ಒಟ್ಟು 12,492. 15 ದಿನದಲ್ಲಿ ಕಟ್ಟಬೇಕಂತೆ. ಅದಕ್ಕಿಂತ ಬೇಜಾರಿನ ವಿಷಯ, ಕೆಳಗಿನ ಬೋರ್ಡಿನಲ್ಲಿ ಡಿಫಾಲ್ಟರ್ ಅಂತ ಅಪ್ಪನ ಹೆಸರು ಅಂಟಿಸಿದ್ದಾರೆ. ಅಪ್ಪ ಎರಡು ದಿನದಿಂದ ವಾಕಿಂಗ್‌ಗೆ ಕೆಳಗೆ ಇಳಿದಿಲ್ಲ.

ಪತ್ರ ಬರೆಯಬೇಕು. ಏನು ಕೇಳಬೇಕು, ಏನು ಕೇಳಬಾರದು ಅಂತ ತಿಳಿಯುತ್ತಿಲ್ಲ.

ಗಿರೀಶ್ ಕೆ.

ಇದರಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ ಮೇಡಂ. ಎಲ್ಲ ಮೆಂಬರ್‌ಗಳ ಸಭೆ, ಅಂದರೆ ಜನರಲ್ ಬಾಡಿ, ಒಪ್ಪದೆ ಕಮಿಟಿ ಒಂದು ಪೈಸೆಯನ್ನೂ ಏರಿಸುವ ಹಾಗಿಲ್ಲ. 700 ರೂಪಾಯಿ ಏರಿಕೆ ಪೂರ್ತಿ ಅಕ್ರಮ ಅಂತ ಬರೆಯಿರಿ. ಬಡ್ಡಿಯೂ ಈಗ 12% ಮಾತ್ರ, ಹೊಸ ನಿಯಮ ಬಂದಿದೆ, ಪೇಪರಿನಲ್ಲಿ ಓದಿದ್ದೇನೆ. ಅಲ್ಲಿಯವರೆಗೆ ಏನೂ ಕಟ್ಟಬೇಡಿ.

ವೀಣಾ, ಬಸವನಗುಡಿ

ನಿಮ್ಮಲ್ಲಿ ಸ್ಕ್ವೇರ್ ಫೀಟ್ ಲೆಕ್ಕ ಅಲ್ವಾ? ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಚದರಡಿಗೆ ಇಷ್ಟು ಅಂತ ಇದೆ. ದೊಡ್ಡ ಫ್ಲ್ಯಾಟಿನವರು ಜಾಸ್ತಿ ಕೊಡುತ್ತಾರೆ. ನಿಮ್ಮ ಮನೆ ಚಿಕ್ಕದಾದರೆ ಮೊದಲು ಆ ಪ್ರಶ್ನೆ ಎತ್ತಿ.

ರಾಯರು, ಮುಲುಂಡ್

ಸುಮಾ, ಸ್ವಲ್ಪ ನಿಧಾನ ಮಾಡಿ. ನಾನು ಇಪ್ಪತ್ತು ವರ್ಷ ಸೊಸೈಟಿಗಳ ಲೆಕ್ಕಪತ್ರ ಬರೆದವನು. ಪತ್ರಕ್ಕಿಂತ ಮೊದಲು ಎರಡು ಬಿಲ್ ಬೇಕು. 2024ರ ಮಾರ್ಚ್‌ದು ಒಂದು, ಈಗಿನದು ಒಂದು. ಎರಡರಲ್ಲೂ ಯಾವ ಬಾಬಿಗೆ ಎಷ್ಟು ಅಂತ ಬಿಡಿಸಿ ಬರೆದಿರುತ್ತದೆ, ಅದನ್ನು ಇಲ್ಲಿ ಹಾಕಿ.

ವೀಣಾ ಅವರೇ, ನಿಮ್ಮ ಊರಿನದು ಬೇರೆ ಕಾಯ್ದೆ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆಯಲ್ಲಿ ಸಾಮಾನ್ಯ ಖರ್ಚು ಅವರವರ ಅವಿಭಜಿತ ಪಾಲಿನ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ಇಲ್ಲಿ ಮಹಾರಾಷ್ಟ್ರದ 1960ರ ಸಹಕಾರ ಸಂಘಗಳ ಕಾಯ್ದೆ ನಡೆಯುತ್ತದೆ. ಮಾದರಿ ಬೈಲಾ ಪ್ರಕಾರ ಸರ್ವಿಸ್ ಚಾರ್ಜ್ ಎಲ್ಲ ಮನೆಗೂ ಸಮ. ಒಂದು ರೂಮಿನ ಮನೆಯೂ ಒಂದೇ, ಮೂರು ರೂಮಿನ ಮನೆಯೂ ಒಂದೇ. ಸುಮಾ ಆ ಪ್ರಶ್ನೆ ಎತ್ತಿದರೆ ಸೋಲುತ್ತಾರೆ, ಉಳಿದ ಒಳ್ಳೆಯ ಪ್ರಶ್ನೆಗಳೂ ಅದರ ಜೊತೆ ಮುಳುಗುತ್ತವೆ.

ಸುಮಾ, ಡೊಂಬಿವಲಿ

ಧನ್ಯವಾದ ಸರ್. ಬಿಲ್ ಹುಡುಕಿದೆ.

ಹಳೆಯದು: ಸರ್ವಿಸ್ ಚಾರ್ಜ್ 1,150, ರಿಪೇರಿ ಫಂಡ್ 500, ಸಿಂಕಿಂಗ್ ಫಂಡ್ 250, ನೀರು 300, ಮುನ್ಸಿಪಲ್ ತೆರಿಗೆ 200.

ಹೊಸದು: ಸರ್ವಿಸ್ ಚಾರ್ಜ್ 1,400, ರಿಪೇರಿ ಫಂಡ್ 900, ಸಿಂಕಿಂಗ್ ಫಂಡ್ 250, ನೀರು 350, ತೆರಿಗೆ 200.

ರಾಯರು, ಮುಲುಂಡ್

ಈಗ ಚಿತ್ರ ಸ್ಪಷ್ಟವಾಯಿತು. 700 ರೂಪಾಯಿ ಅಂತ ನಾವು ಒಂದೇ ಗಂಟಾಗಿ ನೋಡುತ್ತಿದ್ದೆವು. ಅದರಲ್ಲಿ ಎರಡು ಜಾತಿಯ ಹಣ ಇದೆ.

ಸರ್ವಿಸ್ ಚಾರ್ಜ್ ಅಂದರೆ ವಾಚ್‌ಮನ್ ಸಂಬಳ, ಕಸ ಗುಡಿಸುವವರ ಸಂಬಳ, ಮೆಟ್ಟಿಲಿನ ದೀಪದ ಕರೆಂಟು, ಆಡಿಟ್ ಫೀಸು, ಕಾಗದ ಪತ್ರ. ಆದ ಖರ್ಚನ್ನು 28 ಮನೆಗೆ ಹಂಚುವುದು. ಇದನ್ನು ಹಂಚಿ ಬಿಲ್ ಮಾಡುವ ಕೆಲಸ ಬೈಲಾದಲ್ಲೇ ಕಮಿಟಿಗೆ ಇದೆ. ವಾಚ್‌ಮನ್ ಏಜೆನ್ಸಿ ದರ ಏರಿಸಿದರೆ ಕಮಿಟಿ ಬಿಲ್ ಏರಿಸಬಹುದು. ನೀರೂ ಹಾಗೆಯೇ, ಮನೆಗೆ ಎಷ್ಟು ನಲ್ಲಿ ಸಂಪರ್ಕ ಇದೆ, ಅದರ ಗಾತ್ರ ಎಷ್ಟು ಅನ್ನುವುದರ ಮೇಲೆ ಹಂಚಿಕೆ. ಗಿರೀಶ್ ಅವರೇ, ಒಂದು ಪೈಸೆಯನ್ನೂ ಏರಿಸುವಂತಿಲ್ಲ ಅನ್ನುವುದು ಇಲ್ಲಿ ನಿಲ್ಲುವುದಿಲ್ಲ. ಈ 250 ಮತ್ತು 50ಕ್ಕೆ ಸುಮಾ ಖರ್ಚಿನ ಲೆಕ್ಕ ಕೇಳಬಹುದು, ಠರಾವು ಕೇಳಿ ಪ್ರಯೋಜನವಿಲ್ಲ.

ರಿಪೇರಿ ಫಂಡ್ ಬೇರೆ. ಅದರ ದರವನ್ನು ಗೊತ್ತು ಮಾಡುವುದು ಜನರಲ್ ಬಾಡಿ. 500ರಿಂದ 900ಕ್ಕೆ ಹೋದ ಈ 400 ರೂಪಾಯಿಗೆ ಸಭೆಯ ಠರಾವು ಬೇಕೇ ಬೇಕು. ದಂಡ ಬಡ್ಡಿಯ ದರವನ್ನೂ ಅದೇ ಸಭೆ ಗೊತ್ತು ಮಾಡಬೇಕು. ಕಮಿಟಿ ಸರ್ಕ್ಯುಲರ್ ಹಾಕಿ ಗೊತ್ತು ಮಾಡುವ ವಿಷಯ ಅಲ್ಲ ಅದು.

ಇನ್ನು 12% ಮಾತು. ಪೇಪರಿನಲ್ಲಿ ಬಂದದ್ದು 2025ರ ಕರಡು ನಿಯಮ. ಕರಡನ್ನು ಜಾರಿಯಾದ ನಿಯಮ ಅಂತ ಪತ್ರದಲ್ಲಿ ಬರೆದರೆ ಸೆಕ್ರೆಟರಿ ಆ ಒಂದು ಸಾಲು ಹಿಡಿದು ಪೂರ್ತಿ ಪತ್ರವನ್ನು ತಳ್ಳಿಹಾಕುತ್ತಾರೆ. ಮಾದರಿ ಬೈಲಾದಲ್ಲಿ ಇರುವುದು ವರ್ಷಕ್ಕೆ 21%, ಅದೂ ಸರಳ ಬಡ್ಡಿ, ಅದೂ ಗರಿಷ್ಠ ಮಿತಿ. ತಿಂಗಳಿಗೆ 2% ಅಂದರೆ ವರ್ಷಕ್ಕೆ 24. ಅವರ ನೋಟಿಸ್ಸಿನಲ್ಲೇ ಮಿತಿ ದಾಟಿದೆ.

ಮಲ್ಲಪ್ಪ, ಸೊಲ್ಲಾಪುರ

ನಂದೂ ಇಂಥದ್ದೇ ಕತಿ ಐತ್ರಿ. ಪುಣೆಯೊಳಗ ನನ್ನ ಫ್ಲ್ಯಾಟ್ ಬಾಡಿಗೆಗೆ ಕೊಟ್ಟೀನಿ. ಸೊಸೈಟಿಯವರು ನನಗ ಡಬಲ್ ಮೇಂಟೆನೆನ್ಸ್ ಹಾಕ್ಯಾರ. ಇದೂ ದಂಡಾನ ಅಲ್ಲೇನ್ರಿ? ನಾನೂ ಇದೇ ಪತ್ರ ಕೊಡ್ಲೇನು?

ರಾಯರು, ಮುಲುಂಡ್

ಮಲ್ಲಪ್ಪನವರೇ, ನಿಮ್ಮದು ಬೇರೆ ಪತ್ರ. ಬಾಡಿಗೆಗೆ ಕೊಟ್ಟ ಮನೆಗೆ ಸರ್ವಿಸ್ ಚಾರ್ಜಿನ 10%ಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಪೂರ್ತಿ ಬಿಲ್ಲಿನ 10% ಅಲ್ಲ, ಸರ್ವಿಸ್ ಚಾರ್ಜಿನದು ಮಾತ್ರ. ಬೇರೆ ವಿಷಯ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.

ಸುಮಾ, 4,092 ಅನ್ನುವ ಸಂಖ್ಯೆ ನನಗೆ ನಿನ್ನೆಯಿಂದ ಕಾಡುತ್ತಿತ್ತು. ತಿಂಗಳಿಗೆ 700ರಂತೆ ಬಾಕಿ ಅಂತ ಅವರ ಲೆಕ್ಕವನ್ನೇ ಒಪ್ಪಿಕೊಂಡರೂ ಬಡ್ಡಿ ಸಾವಿರದ ಆಚೆ ಹೋಗುವುದಿಲ್ಲ. ನಾಲ್ಕು ಸಾವಿರ ಎಲ್ಲಿಂದ ಬಂತು?

ಹೀಗೆ ನೋಡಿ. ಏಪ್ರಿಲ್ ಬಿಲ್ಲಿಗೆ ಮಾರ್ಚ್ ಕೊನೆಯವರೆಗೆ 11 ತಿಂಗಳ ಬಡ್ಡಿ, ಮೇ ಬಿಲ್ಲಿಗೆ 10 ತಿಂಗಳು, ಹೀಗೆ ಇಳಿಯುತ್ತಾ ಮಾರ್ಚ್ ಬಿಲ್ಲಿಗೆ ಸೊನ್ನೆ. ಎಲ್ಲ ಕೂಡಿಸಿದರೆ 66. ಈಗ 4,092ನ್ನು 66ರಿಂದ ಭಾಗಿಸಿ. ಸರಿಯಾಗಿ 62 ಬರುತ್ತದೆ, ಒಂದು ಪೈಸೆ ಉಳಿಯುವುದಿಲ್ಲ. 62 ಅಂದರೆ ಏನು? 3,100ರ 2%.

ಅಪ್ಪ ಕಟ್ಟಿದ 2,400ನ್ನು ಕಳೆಯದೆ ಪೂರ್ತಿ ಬಿಲ್ಲಿನ ಮೇಲೆ ಬಡ್ಡಿ ಹಾಕಿದ್ದಾರೆ. ಬಿಲ್ ಪೂರ್ತಿ ತೀರಲಿಲ್ಲ ಅಂದರೆ ಏನೂ ಕಟ್ಟಲಿಲ್ಲ ಅಂತ ಲೆಕ್ಕ. ಜೊತೆಗೆ ಇನ್ನೊಂದು ತಪ್ಪಿದೆ. ಏರಿಕೆ ಕೇಳಿದ್ದೇ ಜುಲೈ 12ಕ್ಕೆ, ಬಡ್ಡಿ ಓಡಿದ್ದು ಮೇ ತಿಂಗಳಿನಿಂದ. ಕೇಳದೇ ಇದ್ದ ಹಣಕ್ಕೆ ತಡವಾಯಿತು ಅನ್ನುವುದು ಹೇಗೆ?

ಸುಮಾ, ಡೊಂಬಿವಲಿ

ಸರ್, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಪೆನ್ನು ತೆಗೆದುಕೊಂಡು ತಾವೇ ಭಾಗಾಕಾರ ಮಾಡಿ ನೋಡಿದರು. 62 ಬಂದ ಮೇಲೆ ಸುಮ್ಮನೆ ಕೂತರು. ಅಂದರೆ ನಾನು ಕಟ್ಟಿದ ಹಣಕ್ಕೂ ಬಡ್ಡಿ ಹಾಕಿದ್ದಾರೆ ಅಂದರು.

ಹಾಗಾದರೆ ಸರಿಯಾದ ಬಡ್ಡಿ ಎಷ್ಟು?

ರಾಯರು, ಮುಲುಂಡ್

ಏರಿಕೆ ಪೂರ್ತಿ ಸರಿ, ಏಪ್ರಿಲ್‌ನಿಂದಲೂ ಸರಿ ಅಂತಲೇ ಇಟ್ಟುಕೊಳ್ಳೋಣ. ಅವರ ಪರವಾಗಿಯೇ ಲೆಕ್ಕ ಹಾಕೋಣ. ಆಗಲೂ ಏಪ್ರಿಲ್‌ನಿಂದ ಜುಲೈವರೆಗಿನ ನಾಲ್ಕು 700ಗಳು ಜುಲೈ ಕೊನೆಗೆ ಬಾಕಿ ಆಗುತ್ತವೆ. ಅಲ್ಲಿಂದ ಮಾರ್ಚ್ ಕೊನೆಗೆ 8 ತಿಂಗಳು. ನಾಲ್ಕೆಂಟಲೆ 32. ಆಗಸ್ಟ್ ಬಿಲ್ಲಿಗೆ 7, ಸೆಪ್ಟೆಂಬರಿಗೆ 6, ಹೀಗೆ ಇಳಿಯುತ್ತಾ ಬಂದರೆ 28. ಒಟ್ಟು 60. 700ನ್ನು 60ರಿಂದ ಗುಣಿಸಿದರೆ 42,000. ವರ್ಷಕ್ಕೆ 21 ಅಂದರೆ ತಿಂಗಳಿಗೆ 1.75%. ಬಡ್ಡಿ 735 ರೂಪಾಯಿ. ಅವರು ಕೇಳುತ್ತಿರುವುದು 4,092.

ಆದರೆ 735 ಅಂತಲೂ ಈಗಲೇ ಬರೆಯಬೇಡಿ. 21 ಅನ್ನುವುದು ಮೇಲಿನ ಮಿತಿ. ನಿಮ್ಮ ಸೊಸೈಟಿಯ ಜನರಲ್ ಬಾಡಿ ಎಷ್ಟು ಅಂತ ಠರಾವು ಮಾಡಿದೆ ಅನ್ನುವುದೇ ನಿಜವಾದ ದರ. ಅದು ಮಿನಿಟ್ಸ್ ಪುಸ್ತಕದಲ್ಲಿ ಇರುತ್ತದೆ. ಕಾಯ್ದೆಯ ಪ್ರಕಾರ ಬೈಲಾ, ಸಭೆಗಳ ಮಿನಿಟ್ಸ್, ಆಡಿಟ್ ಆದ ಲೆಕ್ಕ, ತನ್ನ ಖಾತೆ ಇಷ್ಟನ್ನೂ ಮೆಂಬರ್ ಹಣ ಕೊಡದೆ ನೋಡಬಹುದು. ನಕಲು ಬೇಕಾದರೆ ಶುಲ್ಕ ಕಟ್ಟಿದ ಮೇಲೆ ಕೊಡಬೇಕು. ಅರ್ಜಿಗೆ ಅಪ್ಪನೇ ಸಹಿ ಹಾಕಲಿ. ನೀವು ಮೆಂಬರ್ ಅಲ್ಲ ಅಂತ ಒಂದೇ ಮಾತಿನಲ್ಲಿ ವಾಪಸ್ ಕಳಿಸಬಾರದು.

ಜಯಂತಿ, ಠಾಣೆ

ನಾನು ನಮ್ಮ ಸೊಸೈಟಿಯಲ್ಲಿ ಟ್ರೆಷರರ್. ಕಮಿಟಿ ಕಡೆಯಿಂದ ಎರಡು ಮಾತು ಹೇಳುತ್ತೇನೆ ಸುಮಾ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಯಾರೂ ಸಂಬಳ ತೆಗೆದುಕೊಳ್ಳುವವರಲ್ಲ. ಆಫೀಸಿನಿಂದ ಬಂದ ಮೇಲೆ ರಾತ್ರಿ ಕೂತು ಬಿಲ್ ಮಾಡುತ್ತೇವೆ. ಕೆಲವರು ವರ್ಷಗಟ್ಟಲೆ ಕಟ್ಟುವುದಿಲ್ಲ, ವಾಚ್‌ಮನ್‌ಗೆ ಮಾತ್ರ ತಿಂಗಳು ಮುಗಿಯುತ್ತಲೇ ಸಂಬಳ ಕೊಡಬೇಕು. ಬಡ್ಡಿ ಇಲ್ಲದಿದ್ದರೆ ಯಾರೂ ಸಮಯಕ್ಕೆ ಕಟ್ಟುವುದಿಲ್ಲ.

ನಿಮ್ಮ 62 ರೂಪಾಯಿ ವಿಷಯ ಓದಿದಾಗ ನನಗೆ ಎದೆ ಧಸಕ್ ಅಂತು. ಎರಡು ವರ್ಷದ ಹಿಂದೆ ನಾನೂ ಇದೇ ತಪ್ಪು ಮಾಡಿದ್ದೆ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಬಡ್ಡಿಯನ್ನು ಬಿಲ್ ಮೊತ್ತದ ಮೇಲೆ ಹಾಕಬೇಕೋ ಉಳಿದ ಬಾಕಿಯ ಮೇಲೆ ಹಾಕಬೇಕೋ ಅಂತ ಆಯ್ಕೆ ಇತ್ತು. ಮೊದಲೇ ಆಯ್ಕೆಯಾಗಿದ್ದು ಬಿಲ್ ಮೊತ್ತ. ನಾನು ನೋಡಲೇ ಇಲ್ಲ. ಅರ್ಧ ಕಟ್ಟಿದವರಿಗೆಲ್ಲ ಪೂರ್ತಿ ಬಡ್ಡಿ ಬಿತ್ತು. ಆರು ಮನೆಯವರಿಗೆ ವಾಪಸ್ ಕೊಟ್ಟೆವು. ಆದ್ದರಿಂದ ಮೋಸ ಅನ್ನುವ ಪದ ಪತ್ರದಲ್ಲಿ ಬೇಡ. ಲೆಕ್ಕ ತೋರಿಸಿ ಸಾಕು. ತಪ್ಪನ್ನು ಒಪ್ಪಿಕೊಳ್ಳಲು ಅವರಿಗೆ ದಾರಿ ಬಿಡಿ.

ರಾಯರಿಗೆ ಒಂದು ಪ್ರಶ್ನೆ. ರಿಪೇರಿ ಫಂಡಿಗೆ ವರ್ಷಕ್ಕೆ ಕಟ್ಟುವ ಖರ್ಚಿನ 0.75% ಕನಿಷ್ಠ ಅಂತ ಬೈಲಾದಲ್ಲೇ ಇದೆಯಲ್ಲ? ಅಷ್ಟಕ್ಕೂ ಸಭೆ ಬೇಕಾ?

ರಾಯರು, ಮುಲುಂಡ್

ಅದು ನೆಲ ಜಯಂತಿ ಅವರೇ, ಸಭೆ ಅದಕ್ಕಿಂತ ಕೆಳಗೆ ಇಳಿಸಬಾರದು. ಎಷ್ಟು ಅಂತ ಗೊತ್ತು ಮಾಡುವುದು ಸಭೆಯೇ. ಲೆಕ್ಕವನ್ನೂ ನೋಡಿ. ತಿಂಗಳಿಗೆ 900 ಅಂದರೆ ವರ್ಷಕ್ಕೆ 10,800. ಅದು 0.75% ಆಗಬೇಕಾದರೆ ಒಂದು ಫ್ಲ್ಯಾಟ್ ಕಟ್ಟಲು 14 ಲಕ್ಷದ 40 ಸಾವಿರ ಖರ್ಚಾಗಿರಬೇಕು. ಕಟ್ಟಿದ ಖರ್ಚು ಮಾತ್ರ, ಜಾಗದ ಬೆಲೆ ಸೇರಿಸದೆ. ಡೊಂಬಿವಲಿಯ ಹಳೆಯ ಕಟ್ಟಡದಲ್ಲಿ ಅಷ್ಟು ಇರಲಾರದು. ಕನಿಷ್ಠದ ಹೆಸರಿನಲ್ಲಿ 900 ಕೇಳಲು ಆಗುವುದಿಲ್ಲ. ಕಟ್ಟಡಕ್ಕೆ ನಿಜವಾಗಿ ರಿಪೇರಿ ಬೇಕಿದ್ದರೆ ಸಭೆಯ ಮುಂದೆ ಎಸ್ಟಿಮೇಟ್ ಇಟ್ಟು ಕೇಳಲಿ.

ಸುಮಾ, ಡೊಂಬಿವಲಿ

ಅಪ್ಪ ಅರ್ಜಿ ಕೊಟ್ಟು ಮಿನಿಟ್ಸ್ ನೋಡಿ ಬಂದರು. ನಾನೂ ಜೊತೆಗಿದ್ದೆ. ಎರಡು ವಿಷಯ ಸಿಕ್ಕಿತು.

ಬಡ್ಡಿಯ ಬಗ್ಗೆ 2015ರ ಎಜಿಎಂನಲ್ಲಿ, ಅಂದರೆ ವಾರ್ಷಿಕ ಜನರಲ್ ಬಾಡಿ ಸಭೆಯಲ್ಲಿ, ಠರಾವು ಆಗಿದೆ. ವರ್ಷಕ್ಕೆ 18%. ಅದರ ನಂತರ ಬೇರೆ ಠರಾವು ಇಲ್ಲ. ತಿಂಗಳಿಗೆ 2% ಅನ್ನುವುದು ಯಾವ ಸಭೆಯಲ್ಲೂ ಬಂದಿಲ್ಲ.

ಎರಡನೆಯದು, 2024ರ ಸೆಪ್ಟೆಂಬರ್ 22ರ ಎಜಿಎಂ ಮಿನಿಟ್ಸ್‌ನಲ್ಲಿ ಮೇಂಟೆನೆನ್ಸ್ ಏರಿಕೆಯನ್ನು ಏಪ್ರಿಲ್‌ನಿಂದ ಮಂಜೂರು ಮಾಡಲಾಯಿತು ಅಂತ ಒಂದು ಸಾಲು ಇದೆ. ಆದರೆ ನಮಗೆ ಬಂದ ಅಜೆಂಡಾದಲ್ಲಿ ಅದು ಇರಲಿಲ್ಲ. ಅಧ್ಯಕ್ಷರ ಅನುಮತಿಯಿಂದ ಇತರ ವಿಷಯ ಅನ್ನುವುದರ ಕೆಳಗೆ ಬರೆದಿದ್ದಾರೆ. ಅಪ್ಪ ಆ ದಿನ ಊರಿನಲ್ಲಿ ಇರಲಿಲ್ಲ, ಕುಂದಾಪುರಕ್ಕೆ ಹೋಗಿದ್ದರು.

ಗಿರೀಶ್ ಕೆ.

ಹಾಗಾದರೆ ಆ ಠರಾವೇ ಬಿದ್ದು ಹೋಯಿತು! 14 ದಿನದ ನೋಟಿಸ್ ಕೊಟ್ಟು, ಅಜೆಂಡಾದಲ್ಲಿ ಹಾಕಿ ತರಬೇಕು.

ರಾಯರು, ಮುಲುಂಡ್

14 ದಿನದ ನೋಟಿಸ್ ಮಾತು ಸರಿ. ಎಲ್ಲರ ಜೇಬಿನಿಂದ ಹಣ ಹೋಗುವ ವಿಷಯವನ್ನು ಇತರ ವಿಷಯದಲ್ಲಿ ತರುವುದು ಸರಿಯಲ್ಲ ಅನ್ನುವುದೂ ಸರಿ. ಆದರೆ ಬಿದ್ದು ಹೋಯಿತು ಅಂತ ನಾವು ಹೇಳಿದರೆ ಆಗುವುದಿಲ್ಲ. ಅಧಿಕಾರ ಇರುವವರು ಹೇಳುವವರೆಗೆ ಅದು ಪುಸ್ತಕದಲ್ಲಿ ಇರುವ ಠರಾವು. ಹಿಂದಿನ ತಾರೀಕಿನಿಂದ ಮಂಜೂರು ಮಾಡಬಹುದಾ ಅನ್ನುವುದರಲ್ಲಿ ಎರಡೂ ಕಡೆ ವಾದ ಕೇಳಿದ್ದೇನೆ. ಪತ್ರದಲ್ಲಿ ಅದನ್ನು ಪ್ರಶ್ನೆಯಾಗಿ ಇಡಿ, ತೀರ್ಪಿನ ಹಾಗೆ ಬರೆಯಬೇಡಿ.

18% ಸಿಕ್ಕಿದ್ದು ದೊಡ್ಡದು. ತಿಂಗಳಿಗೆ ಒಂದೂವರೆ. 42,000ಕ್ಕೆ 630 ರೂಪಾಯಿ. ಅವರ ಪರವಾದ ಲೆಕ್ಕದಲ್ಲೂ ಬಡ್ಡಿ ಇಷ್ಟೇ.

ಇನ್ನು ಕಟ್ಟುವ ವಿಷಯ. ನನ್ನ ಸಲಹೆ, 8,400ನ್ನು ಆಕ್ಷೇಪಣೆಯೊಂದಿಗೆ ಕಟ್ಟಿಬಿಡಿ. ಕಟ್ಟಿದ ದಿನ ಬಡ್ಡಿ ನಿಲ್ಲುತ್ತದೆ, ಡಿಫಾಲ್ಟರ್ ಅನ್ನುವ ಮಾತಿಗೆ ಆಧಾರ ಉಳಿಯುವುದಿಲ್ಲ. ಸೊಸೈಟಿಯವರು ಸಹಕಾರ ಇಲಾಖೆಯ ರಿಜಿಸ್ಟ್ರಾರ್ ಹತ್ತಿರ ಹೋಗಿ ವಸೂಲಿ ಸರ್ಟಿಫಿಕೇಟ್ ತಂದರೆ, ಅದನ್ನು ಮೇಲೆ ಪ್ರಶ್ನಿಸುವ ಮೊದಲು ಅರ್ಧ ಹಣ ಕಟ್ಟಬೇಕಾಗುತ್ತದೆ. ಅಲ್ಲಿಯವರೆಗೆ ಎಳೆಯುವುದು ಯಾಕೆ?

ಗಿರೀಶ್ ಕೆ.

ನಾನು ಒಪ್ಪುವುದಿಲ್ಲ ಸರ್. ಒಮ್ಮೆ ಕೈಬಿಟ್ಟ ಹಣ ವಾಪಸ್ ಬರಲ್ಲ. 300 ರೂಪಾಯಿ ಲೆಕ್ಕದಲ್ಲಿ 3,600 ಕಟ್ಟಲಿ, ರಿಪೇರಿ ಫಂಡಿನ 4,800 ತಡೆದಿಡಲಿ.

ಜಯಂತಿ, ಠಾಣೆ

ಅದು ಅಪ್ಪ ತೀರ್ಮಾನ ಮಾಡಲಿ. ಎರಡರಲ್ಲಿ ಯಾವುದಾದರೂ ಸರಿ, ಚೆಕ್ ಜೊತೆ ಪತ್ರ ಇರಲೇಬೇಕು. ಈ ಹಣ ಯಾವ ಬಾಬಿಗೆ, ಯಾವ ತಿಂಗಳಿಗೆ ಅಂತ ಬರೆಯಿರಿ. ಬರೆಯದಿದ್ದರೆ ನಮ್ಮಂಥ ಟ್ರೆಷರರ್‌ಗಳು ಮೊದಲು ಬಡ್ಡಿಗೆ ಜಮಾ ಮಾಡಿ, ಉಳಿದದ್ದನ್ನು ಅಸಲಿಗೆ ಹಾಕುತ್ತೇವೆ. ಅಸಲು ತೀರುವುದೇ ಇಲ್ಲ. ಸರಳ ಬಡ್ಡಿ ಚಕ್ರಬಡ್ಡಿ ಆಗುವುದು ಹೀಗೆಯೇ.

ಸುಮಾ, ಡೊಂಬಿವಲಿ

ಅಪ್ಪ ಪೂರ್ತಿ 8,400 ಕಟ್ಟುತ್ತೇನೆ ಅಂದರು. ಕೆಳಗೆ ಇಳಿದು ನಾಲ್ಕು ಜನರ ಹತ್ತಿರ ಮಾತಾಡಬೇಕು, ಅದಕ್ಕೆ ಬಾಕಿ ಅನ್ನುವ ಮಾತು ನನಗೆ ಬೇಡ ಅಂದರು. ಪತ್ರ ಇಂಗ್ಲಿಷಿನಲ್ಲಿ ಕೊಡುತ್ತಿದ್ದೇವೆ. ಕನ್ನಡದಲ್ಲಿ ಹೀಗಿದೆ, ನೋಡಿ ಹೇಳಿ.

> ಸೆಕ್ರೆಟರಿ ಅವರಿಗೆ,
>
> ವಿಷಯ: ಮೇಂಟೆನೆನ್ಸ್ ಏರಿಕೆ ಮತ್ತು 4,092 ರೂಪಾಯಿ ಬಡ್ಡಿಯ ಬಗ್ಗೆ ವಿವರಣೆ ಕೋರಿ.
>
> ನಿಮ್ಮ ನೋಟಿಸ್ ತಲುಪಿದೆ. 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ಪ್ರತಿ ತಿಂಗಳೂ 2,400 ರೂಪಾಯಿಯನ್ನು ಗಡುವಿನೊಳಗೆ ಕಟ್ಟಿದ್ದೇನೆ. ರಶೀದಿಗಳ ನಕಲು ಲಗತ್ತಿಸಿದ್ದೇನೆ.
>
> ಈ ಪತ್ರದೊಂದಿಗೆ 8,400 ರೂಪಾಯಿಯ ಚೆಕ್ ಕೊಡುತ್ತಿದ್ದೇನೆ. ಇದು ಆ 12 ತಿಂಗಳ ವ್ಯತ್ಯಾಸದ ಅಸಲಿಗೆ ಮಾತ್ರ. ಇದನ್ನು ಬಡ್ಡಿಗೆ ಜಮಾ ಮಾಡಬಾರದು. ಆಕ್ಷೇಪಣೆಯೊಂದಿಗೆ, ನನ್ನ ಹಕ್ಕನ್ನು ಉಳಿಸಿಕೊಂಡು ಕಟ್ಟುತ್ತಿದ್ದೇನೆ.
>
> ಬಡ್ಡಿಯ ಲೆಕ್ಕ ನೋಡಿದಾಗ ತಿಂಗಳಿಗೆ 62 ರೂಪಾಯಿ, ಅಂದರೆ 3,100ರ 2% ಹಾಕಿದಂತೆ ಕಾಣುತ್ತದೆ. ನಾನು ಕಟ್ಟಿದ 2,400ನ್ನು ಕಳೆದಿಲ್ಲ. 2015ರ ಸಭೆಯ ಠರಾವಿನ ಪ್ರಕಾರ ದರ ವರ್ಷಕ್ಕೆ 18%. ಏರಿಕೆಯನ್ನು ಮೊದಲು ತಿಳಿಸಿದ್ದು 2024ರ ಜುಲೈ 12ಕ್ಕೆ. ಈ ಮೂರನ್ನು ಗಮನಿಸಿ ಲೆಕ್ಕವನ್ನು ಮತ್ತೆ ಮಾಡಿ ಕೊಡಿ. ಏರಿಕೆಯನ್ನು ಪೂರ್ತಿ ಒಪ್ಪಿದರೂ ನನ್ನ ಲೆಕ್ಕದಲ್ಲಿ ಬಡ್ಡಿ 630 ರೂಪಾಯಿ ಮೀರುವುದಿಲ್ಲ.
>
> ಸರ್ವಿಸ್ ಚಾರ್ಜ್ ಮತ್ತು ನೀರಿನ ಏರಿಕೆಗೆ ಆಧಾರವಾದ ಖರ್ಚಿನ ವಿವರ ಕೊಡಿ. ರಿಪೇರಿ ಫಂಡನ್ನು 500ರಿಂದ 900ಕ್ಕೆ ಏರಿಸಿದ ವಿಷಯ 2024ರ ಸೆಪ್ಟೆಂಬರ್ 22ರ ಸಭೆಯ ಅಜೆಂಡಾದಲ್ಲಿ ಇರಲಿಲ್ಲ. ಅದನ್ನು ಏಪ್ರಿಲ್‌ನಿಂದ ಹೇಗೆ ಜಾರಿ ಮಾಡಲಾಯಿತು ಎಂದು ತಿಳಿಸಿ. ರಿಪೇರಿಯ ಎಸ್ಟಿಮೇಟ್ ಇದ್ದರೆ ಅದರ ನಕಲು ಕೊಡಿ.
>
> ಅಲ್ಲಿಯವರೆಗೆ ಬೋರ್ಡಿನಿಂದ ನನ್ನ ಹೆಸರು ತೆಗೆಯಬೇಕೆಂದು ಕೋರುತ್ತೇನೆ. 15 ದಿನದೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ.

ರಾಯರು, ಮುಲುಂಡ್

ಚೆನ್ನಾಗಿದೆ. ಒಂದು ಅಕ್ಷರವೂ ಜಾಸ್ತಿ ಇಲ್ಲ. ಚೆಕ್ ನಂಬರ್ ಬರೆಯಿರಿ. ಎರಡು ಪ್ರತಿ ಒಯ್ದು ಒಂದರ ಮೇಲೆ ತಾರೀಕು ಹಾಕಿಸಿ, ಸೊಸೈಟಿಯ ಸಿಕ್ಕಾ ಮತ್ತು ಸಹಿ ತೆಗೆದುಕೊಳ್ಳಿ. ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಕಳಿಸಿ, ಈಮೇಲೂ ಮಾಡಿ. ಉತ್ತರ ಬರದಿದ್ದರೆ ಇದೇ ಪತ್ರದ ನಕಲು ಇಟ್ಟು ಡೆಪ್ಯುಟಿ ರಿಜಿಸ್ಟ್ರಾರ್‌ಗೆ ದೂರು ಕೊಡಬಹುದು.

ಸುಮಾ, ಡೊಂಬಿವಲಿ

ಮೂರು ವಾರ ಆಯಿತು, ತಿಳಿಸೋಣ ಅಂತ ಬಂದೆ.

ಸೆಕ್ರೆಟರಿ ಮನೆಗೇ ಬಂದಿದ್ದರು. ಬಡ್ಡಿಯ ಲೆಕ್ಕ ತಪ್ಪಾಗಿದೆ ಅಂತ ಒಪ್ಪಿಕೊಂಡರು. ಜಯಂತಿ ಅಕ್ಕ ಹೇಳಿದ ಹಾಗೆಯೇ ಆಗಿತ್ತು. ಇನ್ನೂ ಐದು ಮನೆಗೆ ಹೀಗೇ ಬಿದ್ದಿತ್ತಂತೆ. 4,092 ತೆಗೆದು 630ರ ಹೊಸ ಬಿಲ್ ಕೊಟ್ಟಿದ್ದಾರೆ. ಬೋರ್ಡಿನಿಂದ ಹೆಸರು ತೆಗೆದಿದ್ದಾರೆ. ವಾಚ್‌ಮನ್ ಏಜೆನ್ಸಿಯ ಹಳೆಯ ಮತ್ತು ಹೊಸ ಬಿಲ್ ತೋರಿಸಿದರು, ಆ 250 ಸರಿಯಾಗಿಯೇ ಇದೆ.

ರಿಪೇರಿ ಫಂಡಿನ ಬಗ್ಗೆ ಮಾತ್ರ ಉತ್ತರ ಬಂದಿಲ್ಲ. ಮುಂದಿನ ಎಜಿಎಂ ಅಜೆಂಡಾದಲ್ಲಿ ಹಾಕುತ್ತೇವೆ ಅಂದರು, ಬರೆದು ಕೊಡಲಿಲ್ಲ. 630ನ್ನು ಈಗ ಕಟ್ಟಬೇಕಾ? ಅದರಲ್ಲಿ ರಿಪೇರಿ ಫಂಡಿನ 400ರ ಮೇಲಿನ ಬಡ್ಡಿಯೂ ಸೇರಿದೆಯಲ್ಲ.

ಗಿರೀಶ್ ಕೆ.

ಕಟ್ಟಬೇಡಿ ಮೇಡಂ. ಅದರಲ್ಲಿ 360 ರೂಪಾಯಿ ರಿಪೇರಿ ಫಂಡಿನದೇ. 270 ಮಾತ್ರ ಕಟ್ಟಿ. ಈ ಲೆಕ್ಕವನ್ನು ನಾನು ರಾಯರ ರೀತಿಯಲ್ಲೇ ಹಾಕಿದ್ದೇನೆ.

ರಾಯರು, ಮುಲುಂಡ್

ಗಿರೀಶ್ ಅವರ ಲೆಕ್ಕ ಸರಿ ಇದೆ. ನಾನಾದರೆ 270 ಕಟ್ಟಿ, ಉಳಿದ 360 ಎಜಿಎಂ ತೀರ್ಮಾನದ ಮೇಲೆ ಅಂತ ಬರೆದು ಕೊಡುತ್ತಿದ್ದೆ. ಅಜೆಂಡಾ ಬಂದ ದಿನ ಅದರಲ್ಲಿ ರಿಪೇರಿ ಫಂಡ್ ಅಂತ ಸಾಲು ಇದೆಯಾ ನೋಡಿ ಇಲ್ಲಿ ಹಾಕಿ. ಈ ಸಲ ಸಭೆಗೆ ಅಪ್ಪ ಊರಿನಲ್ಲಿ ಇರುತ್ತಾರೆ ಅಲ್ವಾ?